625ಕ್ಕೆ 437, ಶೇಕಡಾ ಸೊನ್ನೆ

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಒಬ್ಬ ಹುಡುಗಿಗೆ 437 ಬಂದಿದೆ ಎಂದಿಟ್ಟುಕೊಳ್ಳಿ. ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ ಶೇಕಡಾ 69.92. ಅದೇ ಲೆಕ್ಕವನ್ನು ಸಿ ಭಾಷೆ ಕಲಿಯುತ್ತಿರುವವರು ಮೊದಲ ವಾರದಲ್ಲಿ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

```c
int anka = 437, ottu = 625;
float shekada = anka / ottu * 100;
printf("%.2f\n", shekada);
```

ಕಂಪೈಲರ್ ತಕರಾರು ಮಾಡುವುದಿಲ್ಲ. ಪ್ರೋಗ್ರಾಂ ಓಡುತ್ತದೆ. ಪರದೆಯ ಮೇಲೆ 0.00 ಎಂದು ಬರುತ್ತದೆ. ಅಂಕವನ್ನು 438 ಮಾಡಿ ನೋಡಿ, 600 ಮಾಡಿ ನೋಡಿ, 624 ಮಾಡಿದರೂ ಅದೇ ಸೊನ್ನೆ. 625 ಕೊಟ್ಟರೆ ಮಾತ್ರ 100.00. ಅಂದರೆ ಈ ಪ್ರೋಗ್ರಾಮಿನ ಕಣ್ಣಲ್ಲಿ ಇಡೀ ರಾಜ್ಯದಲ್ಲಿ ಇರುವುದು ಎರಡೇ ಬಗೆಯ ಮಕ್ಕಳು. ಪೂರ್ತಿ ಅಂಕ ತೆಗೆದವರು ಮತ್ತು ಏನೂ ತೆಗೆಯದವರು. ಬರೆದವರು ಪರೀಕ್ಷೆಗೆಂದು ಮೊದಲು 625ಕ್ಕೆ 625 ಹಾಕಿ, 100 ಬಂತೆಂದು ನೆಮ್ಮದಿಯಿಂದ ಮುಂದೆ ಹೋಗಿದ್ದರಂತೂ ತಪ್ಪು ಒಳಗೇ ಉಳಿದುಬಿಡುತ್ತದೆ.

ಶೇಕಡಾವನ್ನು ಇಟ್ಟುಕೊಳ್ಳುವ ಜಾಗಕ್ಕೆ `float` ಎಂದು ಬರೆದಾಗಿದೆಯಲ್ಲ, ದಶಮಾಂಶ ಹಿಡಿಸುವ ಜಾಗ ಅದು, ಹಾಗಿದ್ದರೂ ಸೊನ್ನೆ ಏಕೆ ಎಂಬುದು ಕಲಿಯುವವರ ಮೊದಲ ಪ್ರಶ್ನೆ. ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಹಿಡಿದುಕೊಂಡರೆ ಈ ಲೇಖನದ ಉಳಿದ ಗೊಂದಲಗಳೂ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಕಂಪ್ಯೂಟರ್ ಒಂದು ಸಾಲಿನ ಲೆಕ್ಕವನ್ನು ಒಟ್ಟಾಗಿ ನೋಡುವುದಿಲ್ಲ. ಒಂದು ಸಲಕ್ಕೆ ಒಂದು ಚಿಹ್ನೆ, ಆ ಚಿಹ್ನೆಯ ಎಡಬಲದ ಎರಡು ಸಂಖ್ಯೆ, ಅಷ್ಟೇ ಅದರ ಲೋಕ. ಭಾಗಾಕಾರದ ಚಿಹ್ನೆ ಕೆಲಸ ಮಾಡುವುದು ಕೌಂಟರಿನಲ್ಲಿ ಕುಳಿತ ಗುಮಾಸ್ತನ ಹಾಗೆ. ಕೈಗೆ ಬಂದ ಎರಡು ಕಾಗದ ನೋಡಿ ಮೊಹರು ಒತ್ತುತ್ತಾನೆ. ಅರ್ಜಿ ಮುಂದೆ ಯಾವ ಟೇಬಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಇಲ್ಲಿ ಅದರ ಕೈಗೆ ಬಂದದ್ದು 437 ಮತ್ತು 625. ಎರಡೂ `int`, ಅಂದರೆ ಪೂರ್ಣಾಂಕ. ಸಿ ಭಾಷೆಯ ನಿಯಮದಲ್ಲಿ ಎರಡು ಪೂರ್ಣಾಂಕಗಳ ಭಾಗಲಬ್ಧವೂ ಪೂರ್ಣಾಂಕವೇ ಆಗಿರಬೇಕು. 437ರಲ್ಲಿ 625 ಎಷ್ಟು ಸಲ ಹೋಗುತ್ತದೆ? ಒಂದು ಸಲವೂ ಇಲ್ಲ. ಉತ್ತರ 0. ಆಮೇಲೆ ಆ ಸೊನ್ನೆಯನ್ನು 100ರಿಂದ ಗುಣಿಸಿದರೆ 0. ಕೊನೆಗೆ ಆ 0 ದಶಮಾಂಶದ ಜಾಗಕ್ಕೆ ಹೋಗಿ 0.00 ಆಗುತ್ತದೆ. ದಶಮಾಂಶದ ಜಾಗ ತಯಾರಾಗಿಯೇ ಇತ್ತು. ಆದರೆ ಅಲ್ಲಿಗೆ ತಲುಪುವ ಎರಡು ಹೆಜ್ಜೆ ಮೊದಲೇ 0.6992 ಎಂಬುದು ಕಳೆದುಹೋಗಿತ್ತು.

ಇದನ್ನು ಭಾಷೆಯ ದೋಷ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪೂರ್ಣಾಂಕ ಭಾಗಾಕಾರ ನಾವು ಮೂರು ನಾಲ್ಕನೇ ತರಗತಿಯಲ್ಲಿ ಮಾಡುತ್ತಿದ್ದ ಲೆಕ್ಕವೇ. ಆಗ ದಶಮಾಂಶ ಗೊತ್ತಿರಲಿಲ್ಲ. ಭಾಗಲಬ್ಧ ಒಂದು ಕಡೆ, ಶೇಷ ಇನ್ನೊಂದು ಕಡೆ ಬರೆಯುತ್ತಿದ್ದೆವು. 437 ನಿಮಿಷ ಎಂದರೆ ಎಷ್ಟು ಗಂಟೆ ಎಂದು ಕೇಳಿದರೆ 7.2833 ಎಂಬ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. 60ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷ 17. ಏಳು ಗಂಟೆ ಹದಿನೇಳು ನಿಮಿಷ. ಸಿಯಲ್ಲಿ `437 / 60` ಎಂದರೆ 7, `437 % 60` ಎಂದರೆ 17. ಇಲ್ಲಿ `%` ಚಿಹ್ನೆ ಶೇಕಡಾ ಅಲ್ಲ, ಶೇಷ. ಬಸ್ಸಿನ ವೇಳಾಪಟ್ಟಿ, ವಾರದ ದಿನ, ಒಂದು ಪುಟಕ್ಕೆ ಇಪ್ಪತ್ತು ಸಾಲಿನಂತೆ ಎಷ್ಟು ಪುಟ, ಇಂಥ ಕಡೆಯೆಲ್ಲ ಬೇಕಾದದ್ದು ಈ ಜೋಡಿಯೇ. ತೊಂದರೆ ಎಲ್ಲಿ ಬರುತ್ತದೆ ಎಂದರೆ, ಒಂದೇ `/` ಚಿಹ್ನೆಗೆ ಎರಡು ಬೇರೆ ಕೆಲಸ ವಹಿಸಿದ್ದಾರೆ. ಯಾವ ಕೆಲಸ ಎಂಬುದನ್ನು ಚಿಹ್ನೆ ಹೇಳುವುದಿಲ್ಲ, ಅಕ್ಕಪಕ್ಕದ ಸಂಖ್ಯೆಗಳ ಜಾತಿ ಹೇಳುತ್ತದೆ.

ಸರಿಪಡಿಸುವುದು ಸುಲಭ, ಆದರೆ ಎಲ್ಲಿ ಸರಿಪಡಿಸುತ್ತೀರಿ ಎಂಬುದರಲ್ಲಿ ಎಲ್ಲ ಇದೆ. ಈ ಮೂರು ಸಾಲು ನೋಡಿ:

```c
s1 = (float)(anka / ottu) * 100;   // 0.00
s2 = (float)anka / ottu * 100;     // 69.92
s3 = 100.0 * anka / ottu;          // 69.92
```

ಮೊದಲನೆಯದರಲ್ಲಿ ಆವರಣದೊಳಗಿನ ಭಾಗಾಕಾರ ಮುಗಿದು ಸೊನ್ನೆಯಾದ ಮೇಲೆ ಅದನ್ನು ದಶಮಾಂಶ ಮಾಡಲಾಗಿದೆ. ಹೋದದ್ದು ಹೋಯಿತು. ಎರಡನೆಯದರಲ್ಲಿ `(float)` ಎಂಬುದು ಭಾಗಾಕಾರಕ್ಕಿಂತ ಮೊದಲು `anka`ಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಭಾಗಾಕಾರದ ಎಡಗಡೆಗೆ ದಶಮಾಂಶ ಬಂದು ನಿಲ್ಲುತ್ತದೆ. ಎರಡರಲ್ಲಿ ಒಂದು ದಶಮಾಂಶವಾದರೂ ಸಾಕು, ಇನ್ನೊಂದನ್ನೂ ಹಾಗೆಯೇ ಪರಿಗಣಿಸಿ ಭಾಗಿಸುತ್ತದೆ. ಮೂರನೆಯದರಲ್ಲಿ 100ರ ಮುಂದಿನ ಒಂದು ಚುಕ್ಕಿ, ಒಂದು ಸೊನ್ನೆ ಇಡೀ ಸಾಲನ್ನು ಉಳಿಸಿದೆ.

ದಶಮಾಂಶವೇ ಬೇಡ ಎನ್ನುವವರು `anka * 100 / ottu` ಎಂದು ಬರೆಯಬಹುದು. ಮೊದಲು ಗುಣಿಸಿ 43700, ಆಮೇಲೆ 625ರಿಂದ ಭಾಗಿಸಿ 69. ಇಲ್ಲಿ 0.92 ಬಿದ್ದುಹೋಗುತ್ತದೆ, ಆದರೆ ಶೇಕಡಾ 60 ದಾಟಿದೆಯೇ, 85 ದಾಟಿದೆಯೇ ಎಂದು ನೋಡುವುದಕ್ಕೆ ಅದರಿಂದ ತೊಂದರೆಯಿಲ್ಲ. 531 ಅಂಕ ಬಂದವರ ಶೇಕಡಾ 84.96, ಪೂರ್ಣಾಂಕದಲ್ಲಿ 84. ಡಿಸ್ಟಿಂಕ್ಷನ್ ಇಲ್ಲ ಎಂಬ ಉತ್ತರ ಸರಿಯಾಗಿಯೇ ಬರುತ್ತದೆ. ಅದೇ 84.96ನ್ನು ಅಂದವಾಗಿ ಕಾಣಲೆಂದು `%.0f` ಬಳಸಿ ಮುದ್ರಿಸಿದರೆ 85 ಎಂದು ಕಾಣಿಸಿಕೊಳ್ಳುತ್ತದೆ. ಜಗಳ ಹುಟ್ಟುವುದು ಅಲ್ಲಿ.

ಮೊದಲು ಗುಣಿಸುವ ಉಪಾಯಕ್ಕೂ ಒಂದು ಮಿತಿ ಇದೆ. ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಸಿಯ `int` ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647, ಸುಮಾರು 214 ಕೋಟಿ. ಅಂಕಗಳ ಲೆಕ್ಕಕ್ಕೆ ಇದು ಧಾರಾಳ. ಆದರೆ ಮೂರು ಕೋಟಿ ರೂಪಾಯಿಯ ಬಜೆಟ್ಟಿನಲ್ಲಿ ಖರ್ಚಿನ ಶೇಕಡಾ ತೆಗೆಯಲು ಹೊರಟು ಮೂರು ಕೋಟಿಯನ್ನು 100ರಿಂದ ಗುಣಿಸಿದರೆ 300 ಕೋಟಿ. ಪಾತ್ರೆ ತುಂಬಿ ಚೆಲ್ಲುತ್ತದೆ. ಸಿಯಲ್ಲಿ ಆಗ ಏನು ಬರಬೇಕೆಂಬ ನಿಯಮವೇ ಇಲ್ಲ, ಸಾಮಾನ್ಯವಾಗಿ ಕಾಣುವುದು -1294967296 ಎಂಬ ಋಣ ಸಂಖ್ಯೆ. ದೊಡ್ಡ ಮೊತ್ತಗಳಿಗೆ `long long` ಬಳಸುವುದೇ ಕ್ಷೇಮ.

ಪೈಥಾನ್ ಕಲಿತವರು ಇಷ್ಟು ಓದಿ, ನಮಗೆ ಈ ಕಾಟ ಇಲ್ಲವಲ್ಲ ಎನ್ನಬಹುದು. ಈಗ ಇಲ್ಲ, ಹಿಂದೆ ಇತ್ತು. ಪೈಥಾನ್ 2ರಲ್ಲಿ `437 / 625` ಎಂದರೆ ಸಿಯಲ್ಲಿದ್ದ ಹಾಗೆ 0 ಬರುತ್ತಿತ್ತು. ಅಲ್ಲಿ ಇದು ಇನ್ನೂ ಅಪಾಯಕಾರಿ. ಸಿಯಲ್ಲಿ `int` ಎಂದು ನಾವೇ ಬರೆದಿರುತ್ತೇವೆ, ಕಣ್ಣಾಡಿಸಿದರೆ ಕಾಣುತ್ತದೆ. ಪೈಥಾನಿನಲ್ಲಿ ಜಾತಿ ಬರೆಯುವ ಪದ್ಧತಿ ಇಲ್ಲ. ಸರಾಸರಿ ತೆಗೆಯುವ ಒಂದು ಫಂಕ್ಷನ್ ಬರೆದಿಟ್ಟರೆ, ಒಬ್ಬರು 7.0 ಕೊಟ್ಟಾಗ ಸರಿಯಾದ ಉತ್ತರ, ಇನ್ನೊಬ್ಬರು 7 ಕೊಟ್ಟಾಗ ಮೊಟಕಾದ ಉತ್ತರ. ಫಂಕ್ಷನ್ನಿನ ಒಳಗೆ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಈ ಕಾರಣಕ್ಕೇ 2001ರಲ್ಲಿ ಭಾಗಾಕಾರವನ್ನು ಎರಡು ಚಿಹ್ನೆಗಳಾಗಿ ಒಡೆಯುವ ಪ್ರಸ್ತಾಪ ಬಂದು, ಪೂರ್ಣಾಂಕದ ಭಾಗಾಕಾರಕ್ಕೆ `//` ಎಂಬ ಹೊಸ ಚಿಹ್ನೆ ಹುಟ್ಟಿತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ `/` ಯಾವಾಗಲೂ ದಶಮಾಂಶದ ಉತ್ತರ ಕೊಡತೊಡಗಿತು. ಹಳೆಯ ಪೈಥಾನ್ 2ಕ್ಕೆ ಅಧಿಕೃತ ವಿದಾಯ ಸಿಕ್ಕಿದ್ದು 2020ರ ಜನವರಿ 1ರಂದು. ನಡುವಿನ ಹನ್ನೊಂದು ವರ್ಷ ಒಂದೇ ಸಾಲು ಎರಡು ಆವೃತ್ತಿಗಳಲ್ಲಿ ಎರಡು ಉತ್ತರ ಕೊಡುತ್ತ, ಎರಡನ್ನೂ ಜೊತೆಗಿಟ್ಟುಕೊಂಡವರನ್ನು ಆಟವಾಡಿಸಿತು. ಸಿ, ಸಿ++, ಜಾವಾ ಮಾತ್ರ ಹಳೆಯ ಹಾದಿಯಲ್ಲೇ ಇವೆ.

ಗುಮಾಸ್ತನಿಗೆ ಯಾವ ಕಾಗದ ಮೊದಲು ಸಿಗುತ್ತದೆ ಎಂಬುದು ಇನ್ನೊಂದು ಕಥೆ. ಶಾಲೆಯಲ್ಲಿ ಇದಕ್ಕೆ ಬೋಡ್‌ಮಾಸ್ ನಿಯಮ ಕಲಿಸುತ್ತಾರೆ. ಮೊದಲು ಆವರಣ, ಆಮೇಲೆ ಭಾಗಾಕಾರ, ಗುಣಾಕಾರ, ಕೂಡುವುದು, ಕಳೆಯುವುದು. ಬಾಯಿಪಾಠ ಮಾಡಿದವರಲ್ಲಿ ಬಹಳ ಮಂದಿಗೆ ಭಾಗಾಕಾರವೇ ಗುಣಾಕಾರಕ್ಕಿಂತ ಮೊದಲು ಎಂಬ ಭಾವನೆ ಉಳಿದುಬಿಟ್ಟಿರುತ್ತದೆ. ನಿಜವಾಗಿ ಅವೆರಡೂ ಒಂದೇ ಪಂಕ್ತಿಯವು. ಒಟ್ಟಿಗೆ ಬಂದರೆ ಎಡದಿಂದ ಬಲಕ್ಕೆ ನಡೆಯುತ್ತವೆ. ಕೂಡುವುದು ಕಳೆಯುವುದಕ್ಕೂ ಹೀಗೆಯೇ. ಕಾಗದದ ಲೆಕ್ಕದಲ್ಲಿ ಈ ತಪ್ಪು ತಿಳಿವಳಿಕೆ ಭಾಗಾಕಾರದ ವಿಚಾರದಲ್ಲಿ ಹೊರಗೆ ಬರುವುದು ಕಡಿಮೆ. 437ನ್ನು 100ರಿಂದ ಗುಣಿಸಿ 625ರಿಂದ ಭಾಗಿಸಿದರೂ, 100ನ್ನು 625ರಿಂದ ಭಾಗಿಸಿ 437ರಿಂದ ಗುಣಿಸಿದರೂ ಉತ್ತರ ಒಂದೇ. ಪೂರ್ಣಾಂಕಗಳಲ್ಲಿ ಹಾಗಲ್ಲ. ಮೊದಲನೆಯ ದಾರಿಯಲ್ಲಿ 69, ಎರಡನೆಯ ದಾರಿಯಲ್ಲಿ 0. ಜೀವಮಾನವಿಡೀ ನಡೆದುಕೊಂಡು ಬಂದ ಒಂದು ತಪ್ಪು ಕಲ್ಪನೆ ಕಂಪ್ಯೂಟರಿನ ಮುಂದೆ ಮೊದಲ ಬಾರಿ ಸಿಕ್ಕಿಬೀಳುತ್ತದೆ.

ಶೇಷದ `%` ಚಿಹ್ನೆಗೆ ಬೋಡ್‌ಮಾಸ್‌ನಲ್ಲಿ ಜಾಗವೇ ಇಲ್ಲ. ಹಾಗಾಗಿ ಪ್ರತಿಯೊಬ್ಬರೂ ಅದಕ್ಕೆ ತಮ್ಮದೇ ಜಾಗ ಊಹಿಸಿಕೊಳ್ಳುತ್ತಾರೆ. ಅದು ಗುಣಾಕಾರ ಭಾಗಾಕಾರಗಳ ಪಂಕ್ತಿಯದೇ. ಈಗ ಹತ್ತು ಗಂಟೆ, ಐದು ಗಂಟೆ ಕಳೆದರೆ ಗಡಿಯಾರದಲ್ಲಿ ಎಷ್ಟು ಎಂದು `10 + 5 % 12` ಎಂದು ಬರೆದರೆ ಬರುವುದು 15. ಏಕೆಂದರೆ ಮೊದಲು `5 % 12` ನಡೆದು 5 ಆಗಿ, ಅದು ಹತ್ತಕ್ಕೆ ಕೂಡಿಕೊಂಡಿತು. `(10 + 5) % 12` ಎಂದರೆ 3.

ಆದರೆ ಹಾನಿಯ ದೃಷ್ಟಿಯಿಂದ ನೋಡಿದರೆ ನನಗೆ ಎಲ್ಲಕ್ಕಿಂತ ಕುತೂಹಲದ್ದು ವರ್ಗ ಸಮೀಕರಣದ ಸೂತ್ರ. ಹತ್ತನೇ ತರಗತಿಯಲ್ಲಿ ಕಲಿತದ್ದು: ಮೇಲೆ ಮೈನಸ್ b ಪ್ಲಸ್ ಆರ್ ಮೈನಸ್ ವರ್ಗಮೂಲ, ಕೆಳಗೆ 2a. ಪುಸ್ತಕದಲ್ಲಿ ಅಡ್ಡಗೆರೆಯ ಮೇಲೆ ಒಂದು, ಕೆಳಗೆ ಒಂದು ಇರುವುದರಿಂದ ಗೊಂದಲವೇ ಇಲ್ಲ. ಅದನ್ನು ಒಂದೇ ಸಾಲಿಗೆ ಇಳಿಸುವಾಗ ಹೀಗೆ ಬರೆಯುತ್ತಾರೆ:

```python
d = b*b - 4*a*c
x = (-b + d**0.5) / 2*a
```

ಮೇಲ್ಭಾಗಕ್ಕೆ ಆವರಣ ಹಾಕಿದ್ದಾರೆ, ಕೆಳಭಾಗಕ್ಕೆ ಮರೆತಿದ್ದಾರೆ. `2*a` ನಡುವೆ ಜಾಗ ಬಿಡದೆ, `/` ಆಚೀಚೆ ಜಾಗ ಬಿಟ್ಟಿರುವುದರಿಂದ ಕಣ್ಣಿಗೆ ಅದು ಒಂದೇ ಘಟಕದಂತೆ ಕಾಣುತ್ತದೆ. ಖಾಲಿ ಜಾಗಕ್ಕೆ ಭಾಷೆ ಬೆಲೆ ಕೊಡುವುದಿಲ್ಲ. ಎಡದಿಂದ ಬಲಕ್ಕೆ ನಡೆದು, 2ರಿಂದ ಭಾಗಿಸಿ, ಬಂದದ್ದನ್ನು aಯಿಂದ ಗುಣಿಸುತ್ತದೆ.

ಇನ್ನು ಪರೀಕ್ಷೆ. ಯಾರೇ ಆದರೂ ಮೊದಲು ಕೊಡುವುದು ಸುಲಭದ ಸಮೀಕರಣ, x² − 5x + 6 = 0. a ಎಂದರೆ 1, b ಎಂದರೆ −5, c ಎಂದರೆ 6. d ಬರುವುದು 25 − 24 = 1. ಮೇಲ್ಭಾಗ 5 + 1 = 6. ಆರನ್ನು ಎರಡರಿಂದ ಭಾಗಿಸಿ 3, ಒಂದರಿಂದ ಗುಣಿಸಿ 3. ಸರಿಯುತ್ತರ! 1ರಿಂದ ಗುಣಿಸಿದರೂ ಅಷ್ಟೇ ಭಾಗಿಸಿದರೂ ಅಷ್ಟೇ ಆದ್ದರಿಂದ ತಪ್ಪು ಅಡಗಿ ಕುಳಿತಿದೆ. ಈಗ ಇದೇ ಸಮೀಕರಣವನ್ನು ಎರಡರಿಂದ ಗುಣಿಸಿ 2x² − 10x + 12 = 0 ಎಂದು ಕೊಡಿ. ಮೂಲಗಳು ಬದಲಾಗಬಾರದು. d ಎಂದರೆ 100 − 96 = 4, ಅದರ ವರ್ಗಮೂಲ 2. ಮೇಲ್ಭಾಗ 10 + 2 = 12. ಹನ್ನೆರಡನ್ನು ಎರಡರಿಂದ ಭಾಗಿಸಿ 6, ಎರಡರಿಂದ ಗುಣಿಸಿ 12. ಬರಬೇಕಾದದ್ದು 3, ಬಂದದ್ದು 12, ಸರಿಯಾಗಿ ನಾಲ್ಕು ಪಟ್ಟು. a ಮೂರಾಗಿದ್ದರೆ ಒಂಬತ್ತು ಪಟ್ಟು ಬರುತ್ತಿತ್ತು. ಭಾಗಿಸಬೇಕಾದ ಕಡೆ ಗುಣಿಸಿದರೆ ತಪ್ಪು ಆ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ, ಮತ್ತು ಅದೇ ಅದನ್ನು ಹಿಡಿಯುವ ಗುರುತೂ ಹೌದು. ಬಂದ 12ನ್ನು ಮೂಲ ಸಮೀಕರಣದಲ್ಲಿ ಇಟ್ಟರೆ 288 − 120 + 12, ಅಂದರೆ 180, ಸೊನ್ನೆ ಬರಬೇಕಿತ್ತು. ಮದ್ದು ಒಂದು ಜೊತೆ ಆವರಣ: `/ (2*a)`.

ಎರಡು ಬಗೆಯ ತಪ್ಪುಗಳೂ ಒಂದೇ ಸಾಲಿನಲ್ಲಿ ಸೇರಿಕೊಳ್ಳುವುದುಂಟು. ಸಿಯಲ್ಲಿ ಮೂರು ವಿಷಯಗಳ ಸರಾಸರಿಗೆ `60 + 70 + 80 / 3` ಎಂದು ಬರೆದರೆ ಬರುವುದು 156. ಎಂಬತ್ತು ಮಾತ್ರ ಮೂರರಿಂದ ಭಾಗವಾಗಿ 26 ಆಯಿತು, ಅದರ 0.67 ಬಿದ್ದುಹೋಯಿತು. ನೂರಕ್ಕೆ ನೂರೈವತ್ತಾರು ಬಂದಾಗ ಯಾರಿಗಾದರೂ ಅನುಮಾನ ಬರುತ್ತದೆ. ಸಾಮಾನ್ಯವಾಗಿ ಆವರಣದ ತಪ್ಪು ಉತ್ತರವನ್ನು ಎಲ್ಲೋ ದೂರಕ್ಕೆ ಎಸೆಯುತ್ತದೆ. ಪೂರ್ಣಾಂಕದ ತಪ್ಪು ಹಾಗಲ್ಲ. ಒಂದೋ ಅಚ್ಚ ಸೊನ್ನೆ, ಇಲ್ಲವೇ `.00` ಎಂದು ಮುಗಿಯುವ, ನಿಜಕ್ಕೆ ತುಸುವೇ ಕಡಿಮೆಯಿರುವ ಉತ್ತರ. ಹತ್ತು ಜನರ ಸರಾಸರಿ ತೆಗೆದಾಗ ಹತ್ತೂ ಸಲ `.00` ಬಂದರೆ ಅದು ಕಾಕತಾಳೀಯವಲ್ಲ.

ಇಲ್ಲಿಯವರೆಗೆ ಎಲ್ಲ ಧನ ಸಂಖ್ಯೆಗಳು. ಋಣ ಸಂಖ್ಯೆ ಬಂದಾಗ ಭಾಷೆಗಳೇ ಪರಸ್ಪರ ಜಗಳಕ್ಕೆ ನಿಲ್ಲುತ್ತವೆ.

ಅಮೆರಿಕದ ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ ಸಿ ಭಾಷೆಯ ಪುಸ್ತಕ ಪ್ರೋಗ್ರಾಮರುಗಳ ನಡುವೆ ಕೆ ಅಂಡ್ ಆರ್ ಎಂದೇ ಪರಿಚಿತ. 1988ರ ಎರಡನೇ ಆವೃತ್ತಿಯ ಮೊದಲ ಅಧ್ಯಾಯದಲ್ಲಿ ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವ ಪಟ್ಟಿಯೊಂದಿದೆ. ಸೂತ್ರ ನಮಗೆಲ್ಲ ಗೊತ್ತಿರುವುದೇ, 32 ಕಳೆದು ಒಂಬತ್ತರ ಐದು ಭಾಗ. ಲೇಖಕರು `5/9`ನ್ನು ಮೊದಲು ಮಾಡದೆ, ಐದರಿಂದ ಗುಣಿಸಿ ಆಮೇಲೆ ಒಂಬತ್ತರಿಂದ ಭಾಗಿಸಿದ್ದಾರೆ. `5/9` ಎಂದರೆ ಸೊನ್ನೆಯಾಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ 0 ಫ್ಯಾರನ್‌ಹೀಟಿಗೆ −17, 20ಕ್ಕೆ −6, 40ಕ್ಕೆ 4 ಎಂದಿದೆ. ನಿಜವಾದ ಬೆಲೆಗಳು ಸುಮಾರು −17.8, −6.7, 4.4. ದಶಮಾಂಶ ಕಿತ್ತುಹಾಕಿದ್ದಾರೆ, ಸರಿ. ಆದರೆ ಗಮನಿಸಿ: 4.4 ಇದ್ದದ್ದು 4 ಆದಾಗ ಕೆಳಗಿಳಿಯಿತು, −6.7 ಇದ್ದದ್ದು −6 ಆದಾಗ ಮೇಲೇರಿತು. ಎರಡೂ ಸೊನ್ನೆಯ ಕಡೆಗೆ ಸರಿದವು. ಇದರ ಫಲ ಸೊನ್ನೆಯ ಹತ್ತಿರ ವಿಚಿತ್ರವಾಗಿ ಕಾಣುತ್ತದೆ. ಒಂದೊಂದೇ ಡಿಗ್ರಿಯಂತೆ ಪಟ್ಟಿ ಮಾಡಿದರೆ ಬೇರೆ ಯಾವ ಸೆಲ್ಸಿಯಸ್ ಬೆಲೆಗೂ ಒಂದು ಅಥವಾ ಎರಡು ಫ್ಯಾರನ್‌ಹೀಟ್ ಬೆಲೆ ಬಂದರೆ, ಸೊನ್ನೆಗೆ ಮಾತ್ರ 31, 32, 33 ಹೀಗೆ ಮೂರು ಬರುತ್ತವೆ. ನೀರು ಹೆಪ್ಪುಗಟ್ಟುವ ಬಿಂದುವಿಗೆ ಸ್ವಲ್ಪ ಕೆಳಗಿದ್ದದ್ದೂ ಸ್ವಲ್ಪ ಮೇಲಿದ್ದದ್ದೂ ಒಂದೇ ಆಗಿಹೋಯಿತು.

ಪೈಥಾನಿನಲ್ಲಿ ಅದೇ ಲೆಕ್ಕವನ್ನು `5 * (20 - 32) // 9` ಎಂದು ಮಾಡಿದರೆ −6 ಅಲ್ಲ, −7 ಬರುತ್ತದೆ. ಪೈಥಾನಿನ `//` ಯಾವಾಗಲೂ ಕೆಳಕ್ಕೇ ಇಳಿಯುತ್ತದೆ, ಸಂಖ್ಯಾರೇಖೆಯಲ್ಲಿ ಎಡಕ್ಕೆ. ಯಾರದು ಸರಿ? ಇಬ್ಬರದೂ. ಎರಡೂ ಭಾಷೆಗಳು ನಾಲ್ಕನೇ ತರಗತಿಯ ತಾಳೆಯನ್ನು ಬಿಟ್ಟುಕೊಟ್ಟಿಲ್ಲ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿದರೆ ಭಾಜ್ಯ ಬರಬೇಕು. −7ನ್ನು 3ರಿಂದ ಭಾಗಿಸಿ ನೋಡೋಣ. ಸಿಯಲ್ಲಿ ಭಾಗಲಬ್ಧ −2, ಆಗ 3 × −2 = −6, −7 ತಲುಪಲು ಶೇಷ −1 ಇರಲೇಬೇಕು. ಪೈಥಾನಿನಲ್ಲಿ ಭಾಗಲಬ್ಧ −3, ಗುಣಿಸಿದರೆ −9, ಶೇಷ 2. ಭಾಗಲಬ್ಧ ಯಾವ ಕಡೆಗೆ ಸರಿಯಬೇಕೆಂದು ತೀರ್ಮಾನಿಸಿದ ಕ್ಷಣವೇ ಶೇಷದ ಚಿಹ್ನೆಯೂ ತೀರ್ಮಾನವಾಗಿಬಿಡುತ್ತದೆ. ಶೇಷದ ವಿಚಿತ್ರ ನಡವಳಿಕೆ ಎಂದು ಎಷ್ಟೋ ಜನ ದೂರುವುದು ನಿಜವಾಗಿ ಭಾಗಲಬ್ಧದ ನೆರಳು.

ಸಿಯಲ್ಲಿ ಕೂಡ ಇದು ಮೊದಲಿನಿಂದ ನಿಗದಿಯಾಗಿರಲಿಲ್ಲ. 1989ರ ಸಿ ಪ್ರಮಾಣಕ ಋಣ ಸಂಖ್ಯೆಗಳ ಭಾಗಾಕಾರ ಯಾವ ಕಡೆಗೆ ಸರಿಯಬೇಕೆಂಬುದನ್ನು ಆಯಾ ಯಂತ್ರಕ್ಕೆ ಬಿಟ್ಟಿತ್ತು. ಪುಸ್ತಕದ ಆ −17 ಬೇರೊಂದು ಯಂತ್ರದಲ್ಲಿ −18 ಆಗಿ ಬಂದಿದ್ದರೂ ನಿಯಮಬಾಹಿರವಾಗುತ್ತಿರಲಿಲ್ಲ. ಸೊನ್ನೆಯ ಕಡೆಗೇ ಎಂದು ಕಡ್ಡಾಯವಾದದ್ದು 1999ರ ಪ್ರಮಾಣಕದಲ್ಲಿ. ಜಾವಾ ಕೂಡ ಅದೇ ದಾರಿ. ಜಾವಾಸ್ಕ್ರಿಪ್ಟಿನ ಶೇಷವೂ ಹಾಗೆಯೇ, ಭಾಜ್ಯದ ಚಿಹ್ನೆಯನ್ನೇ ಹೊತ್ತುಕೊಂಡು ಬರುತ್ತದೆ.

ದಿನನಿತ್ಯದ ಕೆಲಸದಲ್ಲಿ ಇದು ಎಲ್ಲಿ ಕಚ್ಚುತ್ತದೆ ಎಂದರೆ ವಾರದ ದಿನಗಳಲ್ಲಿ. ಭಾನುವಾರಕ್ಕೆ 0, ಸೋಮವಾರಕ್ಕೆ 1, ಹೀಗೆ ಶನಿವಾರಕ್ಕೆ 6. ಇವತ್ತು ಬುಧವಾರ, ಅಂದರೆ 3. ಐದು ದಿನದ ನಂತರ ಯಾವ ವಾರ? `(3 + 5) % 7` ಎಂದರೆ 1, ಸೋಮವಾರ. ಎಲ್ಲ ಭಾಷೆಗಳಲ್ಲೂ ಸರಿ. ಐದು ದಿನದ ಹಿಂದೆ? `(3 - 5) % 7`. ಪೈಥಾನ್ 5 ಎನ್ನುತ್ತದೆ, ಶುಕ್ರವಾರ, ಸರಿ. ಸಿ −2 ಎನ್ನುತ್ತದೆ. ವಾರಗಳ ಹೆಸರಿನ ಪಟ್ಟಿಯಲ್ಲಿ −2ನೇ ಹೆಸರು ತೆಗೆಯಲು ಹೋದರೆ ಸಿ ಪಟ್ಟಿಯ ಆಚೆಗೆ, ಯಾರದೋ ಮೆಮೊರಿಗೆ ಕೈಹಾಕುತ್ತದೆ. ಕೆಲವೊಮ್ಮೆ ಪ್ರೋಗ್ರಾಂ ಬಿದ್ದುಹೋಗುತ್ತದೆ, ಕೆಲವೊಮ್ಮೆ ಕಸ ಮುದ್ರಿಸಿ ಮುಂದೆ ಹೋಗುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಸಿ, ಜಾವಾ ಬರೆಯುವವರು ಇದಕ್ಕೆ ಬಳಸುವ ಮದ್ದು ಹೀಗಿದೆ:

```c
vaara = ((3 - 5) % 7 + 7) % 7;   // 5
```

−2ಕ್ಕೆ ಏಳು ಕೂಡಿ 5. ಮೊದಲ ಶೇಷ ಧನವೇ ಆಗಿದ್ದರೆ ಕೂಡಿದ ಏಳನ್ನು ಕೊನೆಯ `% 7` ತೆಗೆದುಹಾಕುತ್ತದೆ.

ಇದೇ ಮೂಲದ ಇನ್ನೊಂದು ಪ್ರಸಿದ್ಧ ಬಲೆ, ಬೆಸಸಂಖ್ಯೆ ಗುರುತಿಸುವುದು. `n % 2 == 1` ಎಂದು ಬರೆದರೆ ಸಿ ಮತ್ತು ಜಾವಾದಲ್ಲಿ −3 ಬೆಸ ಅಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಅಲ್ಲಿನ ಶೇಷ −1. ಜೋಶುವಾ ಬ್ಲಾಕ್ ಮತ್ತು ನೀಲ್ ಗ್ಯಾಫ್ಟರ್ 2005ರಲ್ಲಿ ತಂದ ಜಾವಾ ಒಗಟುಗಳ ಪುಸ್ತಕದಲ್ಲಿ ಇದಕ್ಕೂ ಜಾಗ ಸಿಕ್ಕಿದೆ. ಸೊನ್ನೆ ಅಲ್ಲವೇ ಎಂದು ಕೇಳಿದರೆ, `n % 2 != 0`, ಎಲ್ಲ ಭಾಷೆಯಲ್ಲೂ ಸರಿಯುತ್ತರ.

ಎಕ್ಸೆಲ್ ಬಳಸುವವರಿಗೆ ಇದು ಸಂಬಂಧವಿಲ್ಲದ ಮಾತು ಎನ್ನಿಸಬಹುದು. ಅಲ್ಲಿನ `QUOTIENT(-7,3)` ಕೊಡುವುದು −2, ಸಿಯ ರೀತಿ. `MOD(-7,3)` ಕೊಡುವುದು 2, ಪೈಥಾನಿನ ರೀತಿ. ಎರಡನ್ನೂ ಜೊತೆಗೆ ಬಳಸಿ ತಾಳೆ ನೋಡಿ: 3 × −2 + 2 = −4. ಏಳು ನಾಲ್ಕಾಗಿದೆ! ಜೋಡಿಯಾಗಿ ಬಳಸಬೇಕಾದರೆ ಅಲ್ಲಿ ಭಾಗಲಬ್ಧಕ್ಕೆ `INT(-7/3)` ತೆಗೆದುಕೊಳ್ಳಬೇಕು. ಅದು −3 ಕೊಡುತ್ತದೆ, ತಾಳೆ ಕೂಡುತ್ತದೆ.

ಮೈನಸ್ ಚಿಹ್ನೆಗೆ ಎರಡು ಮುಖ ಇರುವುದೂ ಇಲ್ಲಿ ಸೇರಿಕೊಳ್ಳುತ್ತದೆ. ಎರಡು ಸಂಖ್ಯೆಗಳ ನಡುವೆ ನಿಂತರೆ ಅದು ಕಳೆಯುವ ಚಿಹ್ನೆ. ಒಂದೇ ಸಂಖ್ಯೆಯ ಮುಂದೆ ನಿಂತರೆ ಆ ಸಂಖ್ಯೆಯನ್ನು ಋಣವಾಗಿಸುವ ಚಿಹ್ನೆ. ಈ ಎರಡನೆಯ ಮೈನಸ್ ಎಷ್ಟು ಬಿಗಿಯಾಗಿ ಅಂಟುತ್ತದೆ? ಪೈಥಾನಿನಲ್ಲಿ ಅದು ಭಾಗಾಕಾರಕ್ಕಿಂತ ಬಿಗಿ, ಘಾತಕ್ಕಿಂತ ಸಡಿಲ. ಆದ್ದರಿಂದ `-7 // 2` ಎಂದರೆ −7ನ್ನು ಎರಡರಿಂದ ಭಾಗಿಸಿ ಕೆಳಗಿಳಿದು −4. `-(7 // 2)` ಎಂದರೆ −3. ಆದರೆ `-2**2` ಎಂದರೆ ಮೊದಲು ಎರಡರ ವರ್ಗ, ಆಮೇಲೆ ಮೈನಸ್, −4. ಗಣಿತದ ಪುಸ್ತಕದಲ್ಲೂ −2² ಎಂದರೆ −4 ತಾನೆ.

ಎಕ್ಸೆಲ್ ಕೋಶದಲ್ಲಿ `=-2^2` ಎಂದು ಬರೆದು ಎಂಟರ್ ಒತ್ತಿ, 4 ಬರುತ್ತದೆ. ಅಲ್ಲಿ ಋಣದ ಮೈನಸ್ ಘಾತಕ್ಕಿಂತ ಬಿಗಿ. ಆದರೆ `=1-2^2` ಎಂದರೆ −3, ಏಕೆಂದರೆ ಅಲ್ಲಿರುವುದು ಕಳೆಯುವ ಮೈನಸ್. ಸಂಖ್ಯಾಶಾಸ್ತ್ರದ ಗಂಟೆಯಾಕಾರದ ರೇಖೆ ಬಿಡಿಸಲು e ಘಾತ ಮೈನಸ್ x² ಬೇಕಾಗುತ್ತದೆ. ಅದನ್ನು `=EXP(-A1^2)` ಎಂದು ಬರೆದವರಿಗೆ ಗಂಟೆಯ ಬದಲು ಎರಡೂ ಬದಿಗೆ ಆಕಾಶಕ್ಕೇರುವ ರೇಖೆ ಸಿಗುತ್ತದೆ. A1ರಲ್ಲಿ 2 ಇದ್ದರೆ ಬರಬೇಕಾದದ್ದು ಸುಮಾರು 0.018, ಬರುವುದು 54.6. ಬರೆಯಬೇಕಾದದ್ದು `=EXP(-(A1^2))`. ಇನ್ನೂ ಸ್ವಾರಸ್ಯವೆಂದರೆ, ಅದೇ ಎಕ್ಸೆಲ್ ಕಡತದೊಳಗೆ ಮ್ಯಾಕ್ರೋ ಬರೆಯಲು ಬಳಸುವ ವಿಬಿಎ ಭಾಷೆಯಲ್ಲಿ `-2^2` ಎಂದರೆ −4. ಕೋಶದಲ್ಲಿ ಒಂದು, ಅದರ ಹಿಂದಿನ ಮ್ಯಾಕ್ರೋದಲ್ಲಿ ಇನ್ನೊಂದು.

2016ರಲ್ಲಿ `**` ಚಿಹ್ನೆಯನ್ನು ಸೇರಿಸಿಕೊಂಡಾಗ ಜಾವಾಸ್ಕ್ರಿಪ್ಟ್ ಈ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಅಲ್ಲಿ `-2 ** 2` ಎಂದು ಬರೆದರೆ ವ್ಯಾಕರಣ ದೋಷ ಎಂದು ಪ್ರೋಗ್ರಾಂ ಓಡಲು ನಿರಾಕರಿಸುತ್ತದೆ. `(-2) ** 2` ಬೇಕೋ `-(2 ** 2)` ಬೇಕೋ, ಆವರಣ ಹಾಕಿ ಹೇಳಿದ ಮೇಲೆಯೇ ಮುಂದಿನ ಮಾತು. ಈ ಎಲ್ಲ ತೀರ್ಮಾನಗಳಲ್ಲಿ ನನಗೆ ಹಿಡಿಸಿದ್ದು ಇದೊಂದೇ.